ಬೇಸಿಗೆಯ ಬುತ್ತಿಯಲ್ಲಿ ಅನ್ನ

ರಾತ್ರಿ ಒಂಬತ್ತಕ್ಕೆ ಮಾಡಿದ ಅನ್ನ ಪಾತ್ರೆಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಅದಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ, ಏಳೂವರೆಗೆ ಸ್ಟೀಲ್ ಡಬ್ಬಿಗೆ ತುಂಬುತ್ತಾರೆ. ತೋರಣಗಲ್ಲಿನ ಕಾರ್ಖಾನೆಗೋ ಶಕ್ತಿನಗರದ ವಿದ್ಯುತ್ ಸ್ಥಾವರದ ಪಾಳಿಗೋ ಹೋದವರು ಅದನ್ನು ತಿನ್ನುವುದು ಮಧ್ಯಾಹ್ನ ಒಂದಕ್ಕೆ. ಅಷ್ಟು ಹೊತ್ತಿಗೆ ಅನ್ನಕ್ಕೆ ಹದಿನಾರು ಗಂಟೆ ಆಗಿರುತ್ತದೆ. ಕೆಟ್ಟರೆ ದೂರು ಡಬ್ಬಿಯ ಮೇಲೆ ಬರುತ್ತದೆ, ಆದರೆ ಅರ್ಧ ಕೆಲಸ ರಾತ್ರಿಯೇ ಮುಗಿದಿರುತ್ತದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಅಕ್ಕಿ ತೊಳೆದರೆ ಅವು ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಸಾಯುವುದಿಲ್ಲ. ಅನ್ನ ಆರುತ್ತಾ 60 ಡಿಗ್ರಿಗಿಂತ ಕೆಳಗೆ ಬಂದಮೇಲೆ ಅವು ಮೊಳೆಯುತ್ತವೆ. 30ರಿಂದ 40 ಡಿಗ್ರಿಯಲ್ಲಿ ಬಲು ಬೇಗ ಹೆಚ್ಚುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಅಡುಗೆಮನೆಯ ಶಾಖವೇ ಅಷ್ಟಿರುತ್ತದೆ. ಬೆಳೆಯುತ್ತಾ ಅವು ಬಿಡುವ ಒಂದು ವಿಷಕ್ಕೆ ಬೆಂಕಿಯ ಭಯವಿಲ್ಲ, ಬಾಣಲೆಯಲ್ಲಿ ಎಷ್ಟು ಹುರಿದರೂ ಅದು ಹಾಗೇ ಉಳಿಯುತ್ತದೆ. ಹಾಗಾಗಿ ಬೆಳಗಿನ ಒಗ್ಗರಣೆ ರುಚಿ ಕೊಡುತ್ತದೆಯೇ ಹೊರತು ರಾತ್ರಿಯ ಅನ್ನವನ್ನು ರಿಪೇರಿ ಮಾಡುವುದಿಲ್ಲ.

ಮೂಗನ್ನೂ ನಂಬುವಂತಿಲ್ಲ. ಹಳಸಿದ ವಾಸನೆ ಬಂದರೆ, ಬೆರಳಿಗೆ ನೂಲಿನಂತೆ ಎಳೆ ಬಂದರೆ ಯಾರೂ ತಿನ್ನುವುದಿಲ್ಲ. ಈ ವಿಷಕ್ಕೆ ವಾಸನೆ ಇಲ್ಲ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ವಾಕರಿಕೆ, ವಾಂತಿ ಶುರುವಾಗುತ್ತದೆ. ಬಿಸಿಲಿಗೆ ಹೀಗಾಯಿತು ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು.

ಲೆಕ್ಕ ಹೀಗಿಡಿ: ಅನ್ನ 60 ಡಿಗ್ರಿಗಿಂತ ಕೆಳಗೆ, ಫ್ರಿಜ್ಜಿನ ಹೊರಗೆ ಇದ್ದ ಹೊತ್ತೆಲ್ಲ ಸೇರಿ ನಾಲ್ಕು ಗಂಟೆ ಮೀರಬಾರದು. ಕಡು ಬೇಸಿಗೆಯಲ್ಲಿ ಅದಕ್ಕೂ ಕಡಿಮೆಯೇ ಇರಲಿ. ಆರಕ್ಕೆ ಹೊಸದಾಗಿ ಮಾಡಿದ ಅನ್ನ ಹತ್ತೂವರೆಯ ಬಿಡುವಿನಲ್ಲಿ ತಿನ್ನುವ ಮಗುವಿಗೆ ಈ ಲೆಕ್ಕದ ಅಂಚಿನಲ್ಲಿ ಬರುತ್ತದೆ, ಏಳಕ್ಕೆ ಮಾಡಿದರೆ ನೆಮ್ಮದಿ. ಒಂದು ಗಂಟೆಗೆ ಉಣ್ಣುವವರಿಗೆ ಬರೀ ಸ್ಟೀಲ್ ಡಬ್ಬಿ ಸಾಲದು.

ಅವರಿಗೆ ಒಂದು ದಾರಿ, ಅನ್ನವನ್ನು ಉಣ್ಣುವವರೆಗೂ ಬಿಸಿಯಾಗಿಯೇ ಇಡುವುದು. ಅಗಲ ಬಾಯಿಯ ಸ್ಟೀಲ್ ಥರ್ಮಾಸ್‌ಗೆ ಕುದಿಯುವ ನೀರು ತುಂಬಿ, ಮುಚ್ಚಿ, ಹತ್ತು ನಿಮಿಷ ಬಿಡಿ. ನೀರು ಚೆಲ್ಲಿದ ಕೂಡಲೇ ಹಬೆಯಾಡುವ ಅನ್ನವನ್ನು ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿ. ಅರ್ಧ ತುಂಬಿದ ಥರ್ಮಾಸ್ ಬೇಗ ಆರುತ್ತದೆ. ಚಿಕ್ಕ ಹೊಟ್ಟೆಯವರಿಗೆ ಚಿಕ್ಕ ಥರ್ಮಾಸೇ ಬೇಕು. ಪ್ಲಾಸ್ಟಿಕ್ ಹಾಟ್‌ಬಾಕ್ಸ್ ಬಗ್ಗೆ ನನಗೆ ಅನುಮಾನವಿದೆ: ಅದರಲ್ಲಿ ಹಲವು ಬರೀ ಬೆಚ್ಚಗಿಡುತ್ತವೆ, ಬೆಚ್ಚಗಿರುವುದೇ ಇಲ್ಲಿ ಕೆಡುಕು. ರಜೆಯ ದಿನ ಮನೆಯಲ್ಲೇ ತುಂಬಿಟ್ಟು, ಉಣ್ಣುವ ಹೊತ್ತಿಗೆ ಅಡುಗೆ ಥರ್ಮಾಮೀಟರಿನ ಕಡ್ಡಿಯನ್ನು ನಡುವಿಗೆ ಚುಚ್ಚಿ ನೋಡಿ. 60ಕ್ಕಿಂತ ಮೇಲಿದ್ದರೆ ಆ ಡಬ್ಬಿ ಅನ್ನಕ್ಕೆ ಲಾಯಕ್ಕು.

ಮೊಸರನ್ನಕ್ಕೆ ಇದು ಆಗುವುದಿಲ್ಲ. ಬಿಸಿ ಅನ್ನಕ್ಕೆ ಹಾಲು ಹೊಯ್ದು ಒಂದು ಚಮಚ ಮೊಸರು ಕಲಸುವ ರೂಢಿಯಿದೆ, ಮಧ್ಯಾಹ್ನಕ್ಕೆ ಹುಳಿಯಾಗಲಿ ಅಂತ. ಅನ್ನ ತೀರಾ ಬಿಸಿಯಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ, ಅಕ್ಕಿಯ ಬೀಜಕಣ ಉಳಿಯುತ್ತವೆ. ಕೊನೆಗೆ ಡಬ್ಬಿಯಲ್ಲಿ ಇರುವುದು ಹುಳಿಯಿಲ್ಲದ ಹಾಲನ್ನ. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ, ಹಾಲು ಹಾಕದೆ ಹುಳಿ ಮೊಸರನ್ನೇ ಧಾರಾಳವಾಗಿ ಕಲಸಿ. ಹೀಗೆ ಮಾಡಿದರೂ ನಾಲ್ಕು ಗಂಟೆಯ ಲೆಕ್ಕ ತಪ್ಪುವುದಿಲ್ಲ. ಚಿತ್ರಾನ್ನದ ನಿಂಬೆಹಣ್ಣಿನ ಮೇಲೂ ಭಾರ ಹಾಕಬೇಡಿ, ಬಾಯಿಗೆ ಹಿತವಾಗುವಷ್ಟು ಹುಳಿ ಬ್ಯಾಕ್ಟೀರಿಯಾ ತಡೆಯಲು ಸಾಲದೆ ಹೋಗಬಹುದು.

ರಾತ್ರಿಯ ಅನ್ನವನ್ನೇ ಬಳಸಬೇಕೆಂದಿದ್ದರೆ ಊಟ ಮುಗಿದ ಕೂಡಲೇ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಪಾತ್ರೆ ಸಮೇತ ಇಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಬೆಳಿಗ್ಗೆ ಹಬೆ ಬರುವಂತೆ ಬಿಸಿಮಾಡಿ ಥರ್ಮಾಸಿಗೆ ತುಂಬಿ.

ಥರ್ಮಾಸ್ ಇಲ್ಲದವರು ಬೇಸಿಗೆಯಲ್ಲಿ ಅನ್ನ ಬಿಟ್ಟು ರೊಟ್ಟಿ ಕಟ್ಟುವುದು ಲೇಸು. ಖಡಕ್ ಜೋಳದ ರೊಟ್ಟಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ನೀರೇ ಇರುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗೂ ಅದೇ ಕಾರಣ. ಮೆತ್ತನೆಯ ಬಿಸಿರೊಟ್ಟಿಯಾದರೆ ಹಬೆ ಹೋಗುವವರೆಗೆ ಹರಡಿ, ಬಟ್ಟೆಯಲ್ಲಿ ಸುತ್ತಿ ಕಟ್ಟಿ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದ ಬೆವರು ರೊಟ್ಟಿಗೆ ಇಳಿಯುತ್ತದೆ. ಕಾಳು ಪಲ್ಯ, ಹಸಿ ಕೊಬ್ಬರಿ ಚಟ್ನಿ ಮಾತ್ರ ಅನ್ನದಷ್ಟೇ ನಾಜೂಕು. ಅವನ್ನು ರೊಟ್ಟಿಯ ಜೊತೆ ಒಂದೇ ಡಬ್ಬಿಗೆ ಹಾಕಿದರೆ ರೊಟ್ಟಿಯೂ ಒದ್ದೆಯಾಗುತ್ತದೆ.

ಸಂಜೆ ಡಬ್ಬಿ ಮನೆಗೆ ಬಂದಾಗ ತಳದಲ್ಲಿ ಉಳಿದದ್ದನ್ನು ಬಿಸಿಮಾಡಿ ಯಾರಿಗೂ ಬಡಿಸಬೇಡಿ. ಮುಚ್ಚಳದ ರಬ್ಬರ್ ರಿಂಗನ್ನು ಬಿಡಿಸಿ ಸೋಪಿನಲ್ಲಿ ತೊಳೆದು, ಬೇರೆಯಾಗಿ ಒಣಗಿಸಿ. ಅದರ ಸಂದಿಯಲ್ಲಿ ಸಿಕ್ಕ ಅನ್ನದ ಅಗುಳು ಮರುದಿನದ ಬುತ್ತಿಗೂ ಸೇರುತ್ತದೆ.