ಒಂದೇ ಪಾಲಿಸಿ, ಐದು ಪ್ರತಿ: ಡಾಕ್ಯುಮೆಂಟ್ ರಿಜಿಸ್ಟರ್ ಕಟ್ಟುವ ಬಗೆ

ಡಾಕ್ಯುಮೆಂಟ್ ಕಂಟ್ರೋಲ್ ಎಂದಾಕ್ಷಣ ಎಲ್ಲರೂ ಎಕ್ಸೆಲ್ ತೆರೆದು ಕಾಲಂ ಬರೆಯಲು ಕೂರುತ್ತಾರೆ. ಆದರೆ ಕಾಲಂ ಹಾಕುವುದು ಅರ್ಧ ಗಂಟೆಯ ಕೆಲಸ. ಒಂದೇ ಪಾಲಿಸಿಯ ನಾಲ್ಕೈದು ಪ್ರತಿಗಳು ಸಿಕ್ಕಾಗ ಜಾರಿಯಲ್ಲಿರುವುದು ಯಾವುದು ಎಂದು ತೀರ್ಮಾನಿಸುವುದರಲ್ಲೇ ದಿನಗಳು ಹೋಗುತ್ತವೆ. ಈ ಟಿಪ್ಪಣಿಯಲ್ಲಿ ಹೆಚ್ಚು ಜಾಗ ಅದಕ್ಕೇ.

ದಾವಣಗೆರೆಯಲ್ಲಿ ಐವತ್ತು ಹಾಸಿಗೆಯ ಒಂದು ಆಸ್ಪತ್ರೆ ಇದೆ ಎಂದಿಟ್ಟುಕೊಳ್ಳಿ. ಪಾಲಿಸಿಗಳು ಆಫೀಸಿನ ಕಂಪ್ಯೂಟರಿನಲ್ಲಿ, ಕ್ವಾಲಿಟಿ ವಿಭಾಗದ ಪೆನ್‌ಡ್ರೈವಿನಲ್ಲಿ, ವಾರ್ಡಿನ ಬಾಕ್ಸ್ ಫೈಲಿನಲ್ಲಿ, ಗೋಡೆಯ ಮೇಲೆ ಚದುರಿವೆ. ಮೊದಲು ಯಾವುದನ್ನೂ ಅಳಿಸದೆ, ಹೆಸರು ಬದಲಿಸದೆ, ಇದ್ದದ್ದನ್ನು ಇದ್ದಂತೆ ಪಟ್ಟಿ ಮಾಡಿ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಹೀಗೆ ಕೊಟ್ಟರೆ ಸಾಕು:

```
Get-ChildItem D:\ -Recurse -Include *.doc,*.docx,*.pdf |
 Select-Object FullName,Length,LastWriteTime |
 Export-Csv $HOME\list.csv -NoTypeInformation -Encoding UTF8
```

ಕೊನೆಯ `-Encoding UTF8` ಬಿಟ್ಟರೆ ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್‌ನಲ್ಲಿ ಕನ್ನಡ ಹೆಸರಿನ ಫೈಲುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತವೆ. ಕಾಗದದ ಪ್ರತಿಗಳನ್ನು ಇದೇ ಪಟ್ಟಿಯ ಕೆಳಗೆ ಕೈಯಿಂದ ಸೇರಿಸಿ: ಯಾವ ವಾರ್ಡ್, ಯಾವ ಫೈಲ್, ಸಹಿ ಇದೆಯೋ ಇಲ್ಲವೋ.

ಈಗ ಜೈವಿಕ ವೈದ್ಯಕೀಯ ತ್ಯಾಜ್ಯದ ಪಾಲಿಸಿ ಒಂದನ್ನೇ ತೆಗೆದುಕೊಳ್ಳೋಣ. ಐದು ಪ್ರತಿ ಸಿಕ್ಕಿವೆ. ಒಂದು, ಗೋಡೆಗೆ ಅಂಟಿಸಿದ ಲ್ಯಾಮಿನೇಟೆಡ್ ಕನ್ನಡ ಹಾಳೆ. ಅದರಲ್ಲಿ ಕಪ್ಪು ಚೀಲದ ಮಾತಿದೆ. ಎರಡು, ವಾರ್ಡ್ ಫೈಲಿನ ಪ್ರಿಂಟ್; ಒಡೆದ ಗಾಜನ್ನು ನೀಲಿ ಗುರುತಿನ ರಟ್ಟಿನ ಪೆಟ್ಟಿಗೆಗೆ ಹಾಕಿ ಎನ್ನುತ್ತದೆ. ಮೂರು, ಸೂಪರಿಂಟೆಂಡೆಂಟ್ ಸಹಿ ಇರುವ ಸ್ಕ್ಯಾನ್ ಪಿಡಿಎಫ್, ವರ್ಷನ್ 2.0, ದಿನಾಂಕ 12-06-2019. ನಾಲ್ಕು, `BMW policy final new (2).docx`, 2023ರ ಮಾರ್ಚ್‌ನಲ್ಲಿ ತಿದ್ದಿದ್ದು, ಸಹಿ ಇಲ್ಲ. ಐದು, ಪೆನ್‌ಡ್ರೈವಿನಲ್ಲಿ ಆ ಪಿಡಿಎಫ್‌ನ ಮೂಲ ವರ್ಡ್ ಫೈಲ್.

ಎಲ್ಲರ ಕೈ ಮೊದಲು ಹೋಗುವುದು ನಾಲ್ಕನೆಯದಕ್ಕೆ, ಅದೇ ಹೊಸದು ಅಂತ. ಅದು ತಪ್ಪು. ಜಾರಿಯಲ್ಲಿರುವುದು ಕೊನೆಯದಾಗಿ ಅನುಮೋದನೆಯಾದ ಪ್ರತಿ, ಕೊನೆಯದಾಗಿ ಸೇವ್ ಆದದ್ದಲ್ಲ. ಫೈಲ್ ತೆರೆದು ಒಂದು ಕಾಮಾ ಹಾಕಿ ಸೇವ್ ಮಾಡಿದರೂ ತಿದ್ದಿದ ದಿನಾಂಕ ಮುಂದಕ್ಕೆ ಹೋಗುತ್ತದೆ. ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಸೃಷ್ಟಿಯಾದ ದಿನಾಂಕ ಮಾತ್ರ ಹೊಸದಾಗುತ್ತದೆ, ತಿದ್ದಿದ ದಿನಾಂಕ ಹಳೆಯದೇ ಇರುತ್ತದೆ. ಹುಟ್ಟುವ ಮೊದಲೇ ತಿದ್ದಿದ ಫೈಲ್ ಕಂಡರೆ ಗಾಬರಿ ಬೇಡ. ವರ್ಡ್‌ನ ಫೂಟರಿನಲ್ಲಿ ತಾನಾಗಿ ಬದಲಾಗುವ ದಿನಾಂಕ ಹಾಕಿದ್ದರಂತೂ ಪ್ರಿಂಟ್ ತೆಗೆದ ದಿನವೇ ಪಾಲಿಸಿಯ ದಿನಾಂಕವಾಗಿ ಕೂರುತ್ತದೆ. ಎರಡನೆಯ ಪ್ರತಿಯಲ್ಲಿ ಹೊಸ ದಿನಾಂಕ ಕಂಡರೂ ನಂಬಬಾರದ್ದು ಇದಕ್ಕೇ.

ದಿನಾಂಕ ಕೈಕೊಟ್ಟಾಗ ಒಳಗಿನ ವಿಷಯವೇ ಕಾಲ ಹೇಳುತ್ತದೆ. ಕಪ್ಪು ಚೀಲ ಇದ್ದದ್ದು 1998ರ ನಿಯಮಗಳಲ್ಲಿ. 2016ರ ನಿಯಮಗಳು ಬಂದಾಗ ಹಳದಿ, ಕೆಂಪು, ಬಿಳಿ, ನೀಲಿ ಉಳಿದವು. 2016ರಲ್ಲಿ ಗಾಜಿಗೆ ನೀಲಿ ಗುರುತಿನ ರಟ್ಟಿನ ಪೆಟ್ಟಿಗೆ ಎಂದಿತ್ತು. 2018ರ ತಿದ್ದುಪಡಿ ಅದನ್ನು ಚುಚ್ಚಿದರೆ ತೂತಾಗದ, ಸೋರದ ಡಬ್ಬಿ ಎಂದು ಬದಲಿಸಿತು. ಹಾಗಾಗಿ ಗೋಡೆಯ ಹಾಳೆ 2016ಕ್ಕೂ ಹಿಂದಿನದು, ವಾರ್ಡಿನ ಪ್ರಿಂಟ್ 2016 ಮತ್ತು 2018ರ ನಡುವಿನದು. ಎರಡನ್ನೂ ಅವತ್ತೇ ತೆಗೆಸಬೇಕು, ರಿಜಿಸ್ಟರ್ ಮುಗಿಯಲಿ ಎಂದು ಕಾಯಬಾರದು. ಆಯಾಗಳು ಚೀಲ ಆರಿಸುವುದು ಆ ಹಾಳೆ ನೋಡಿಯೇ.

ತೀರ್ಮಾನ: ಮೂರನೆಯದು ಜಾರಿಯಲ್ಲಿದೆ, ಐದನೆಯದು ಅದರ ತಿದ್ದಬಹುದಾದ ಮೂಲ, ನಾಲ್ಕನೆಯದು ಮುಂದಿನ ವರ್ಷನ್ನಿನ ಕರಡು. ರಿಜಿಸ್ಟರಿನಲ್ಲಿ ಈ ಪಾಲಿಸಿಗೆ ಒಂದೇ ಸಾಲು. ಸಂಖ್ಯೆ `HIC-POL-04`, ಶೀರ್ಷಿಕೆ, ಮಾಲೀಕ, ಅನುಮೋದಿಸಿದವರು, ವರ್ಷನ್, ಸ್ಥಿತಿ, ಅನುಮೋದನೆ ದಿನಾಂಕ, ಅವಧಿ ತಿಂಗಳಲ್ಲಿ, ಮುಂದಿನ ಪರಿಶೀಲನೆ, ಮೂಲ ಫೈಲಿನ ಜಾಗ, ಕಾಗದದ ಪ್ರತಿಗಳಿರುವ ಜಾಗ. ಸಂಖ್ಯೆಯೊಳಗೆ ವರ್ಷನ್ ತುರುಕಬೇಡಿ; ವರ್ಷನ್ ಬದಲಾದಾಗಲೆಲ್ಲ ಸಂಖ್ಯೆಯೂ ಬದಲಾಗಿ, ಇದನ್ನು ಉಲ್ಲೇಖಿಸಿದ ಬೇರೆ ಪಾಲಿಸಿಗಳೆಲ್ಲ ದಿಕ್ಕು ತಪ್ಪುತ್ತವೆ. ರದ್ದಾದ ಪಾಲಿಸಿಯ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದೂ ಬೇಡ.

ಮಾಲೀಕ ಎಂಬಲ್ಲಿ ವ್ಯಕ್ತಿಯ ಹೆಸರಲ್ಲ, ಹುದ್ದೆ: ಸೋಂಕು ನಿಯಂತ್ರಣ ನರ್ಸ್. ಹೆಸರು ಬರೆದರೆ ಅವರು ಕೆಲಸ ಬಿಟ್ಟು ಹೋದ ದಿನ ಸಾಲು ಅನಾಥ. ಎಲ್ಲಕ್ಕೂ ಕ್ವಾಲಿಟಿ ವಿಭಾಗ ಎಂದು ಬರೆಯುವುದು ಇನ್ನೂ ಕೆಟ್ಟ ಚಾಳಿ. ಚೀಲ ಮುಗಿದಾಗ ವಾರ್ಡಿನಲ್ಲಿ ಏನಾಗುತ್ತದೆ ಎಂಬುದು ಕ್ವಾಲಿಟಿಯವರಿಗೆ ಗೊತ್ತಿರುವುದಿಲ್ಲ. ಅವರು ರಿಜಿಸ್ಟರ್ ಕಾಯುತ್ತಾರೆ, ಒಳಗಿನ ಮಾತಿಗೆ ಹೊಣೆ ಮಾಲೀಕರದು. ಬರೆದವರೇ ಅನುಮೋದಿಸುವಂತೆಯೂ ಆಗಬಾರದು.

ಪರಿಶೀಲನೆ ದಿನಾಂಕವನ್ನು ಕೈಯಿಂದ ತುಂಬದೆ ಲೆಕ್ಕ ಮಾಡಿಸಿ. ಅನುಮೋದನೆ G, ತಿಂಗಳು H, ಮುಂದಿನ ಪರಿಶೀಲನೆ I ಆದರೆ I2ರಲ್ಲಿ ಮೊದಲನೆಯದು, ಖಾಲಿ ಇರುವ ಬೇರೊಂದು ಕಾಲಂನಲ್ಲಿ ಎರಡನೆಯದು:

```
=IF(G2="","",EDATE(G2,H2))
=IF(I2="","ದಿನಾಂಕ ಇಲ್ಲ",IF(I2<TODAY(),"ಅವಧಿ ಮೀರಿದೆ",
 IF(I2<=TODAY()+60,"ಹತ್ತಿರ ಬಂದಿದೆ","ಸರಿ")))
```

ಬರೀ `EDATE` ಬರೆದರೆ ಖಾಲಿ ಸಾಲಿನಲ್ಲಿ 1900ನೇ ಇಸವಿಯ ದಿನಾಂಕ ಬಂದು ಎಲ್ಲವೂ ಅವಧಿ ಮೀರಿದಂತೆ ತೋರುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಇನ್ನೊಂದು ಮೋಸ: 25-03-2023 ಪಠ್ಯವಾಗಿ ಉಳಿದು ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ, ಕಣ್ಣಿಗೆ ಬೀಳುತ್ತದೆ. ಆದರೆ 12-06-2019 ಸದ್ದಿಲ್ಲದೆ ಡಿಸೆಂಬರ್ 6 ಆಗಿಬಿಡುತ್ತದೆ. ಆದ್ದರಿಂದ ದಿನಾಂಕದ ಕೋಶಗಳಿಗೆ ತಿಂಗಳು ಅಕ್ಷರದಲ್ಲಿ ಕಾಣುವ `dd-mmm-yyyy` ಕೊಡಿ.

ನಮ್ಮ ಪಾಲಿಸಿಗೆ ಅವಧಿ 12 ತಿಂಗಳಾದರೆ ಪರಿಶೀಲನೆ 12-06-2020ಕ್ಕೇ ಆಗಬೇಕಿತ್ತು. ಸಾಲಿನಲ್ಲಿ ಅವಧಿ ಮೀರಿದೆ ಎಂದು ಬರುತ್ತದೆ, ಬರಲಿ. ಇನ್‌ಸ್ಪೆಕ್ಷನ್ ಹತ್ತಿರ ಬಂತೆಂದು ಹಿಂದಿನ ದಿನಾಂಕ ಹಾಕಿ ಸಹಿ ಮಾಡಿಸುವ ಆಸೆ ಹುಟ್ಟುವುದು ಇಲ್ಲೇ. ಸ್ಕ್ಯಾನ್ ಫೈಲಿನ ದಿನಾಂಕ, ಮೀಟಿಂಗ್ ನಡಾವಳಿ, ಆಗ ಆ ಹುದ್ದೆಯಲ್ಲಿ ಇದ್ದವರು ಯಾರು ಎಂಬುದು, ಮೂರರಲ್ಲಿ ಒಂದಾದರೂ ಗುಟ್ಟು ಬಿಡುತ್ತದೆ. ಅವಧಿ ಮೀರಿದ್ದನ್ನು ಒಪ್ಪಿಕೊಂಡು, ಕರಡನ್ನು ಮಾಲೀಕರಿಂದ ಓದಿಸಿ, ಈಗಿನ ದಿನಾಂಕದಲ್ಲೇ ಅನುಮೋದಿಸಿ. ಕ್ರಮ ಬದಲಾಗಿದ್ದರೆ 3.0, ಫೋನ್ ನಂಬರಿನಂಥ ಸಣ್ಣ ತಿದ್ದುಪಡಿಯಾದರೆ 2.1. ಓದಿ ಏನೂ ಬದಲಿಸದಿದ್ದರೆ ವರ್ಷನ್ ಹಾಗೇ ಇರುತ್ತದೆ. ಪರಿಶೀಲಿಸಿದ ದಿನಾಂಕ ಎಂಬ ಕಾಲಂ ಸೇರಿಸಿ ಲೆಕ್ಕವನ್ನು ಅದರಿಂದ ಶುರುಮಾಡಿ. ನಿಯಮ ಬದಲಾದರೆ ಮಾತ್ರ ಅವಧಿ ಕಾಯುವಂತಿಲ್ಲ.

ಅರವತ್ತು ಪಾಲಿಸಿಗೆ ಒಂದೇ ದಿನ ಸಹಿಯಾದರೆ ಮುಂದಿನ ವರ್ಷ ಅರವತ್ತೂ ಒಂದೇ ದಿನ ಬಾಕಿ ಬೀಳುತ್ತವೆ, ಯಾರೂ ಓದುವುದಿಲ್ಲ. ಮೊದಲ ಸುತ್ತಿನಲ್ಲಿ ಕೆಲವಕ್ಕೆ 6, ಕೆಲವಕ್ಕೆ 9, ಕೆಲವಕ್ಕೆ 12 ತಿಂಗಳು ಕೊಟ್ಟು ಹಂಚಿಬಿಡಿ. ಅಪಾಯ ಹೆಚ್ಚಿರುವವು ಮೊದಲು ಬರಲಿ.

ಇನ್ನು ಗೋಡೆಯ ಕನ್ನಡ ಹಾಳೆ. ಬಹುಪಾಲು ರಿಜಿಸ್ಟರುಗಳಲ್ಲಿ ಇದು ಇರುವುದೇ ಇಲ್ಲ. ಅದಕ್ಕೂ `HIC-POL-04-K` ಎಂದು ಸಾಲು ಕೊಡಿ, ಯಾವ ವರ್ಷನ್ ಆಧರಿಸಿ ಬರೆದದ್ದು ಎಂಬ ಕಾಲಂ ಇರಲಿ. ಇಂಗ್ಲಿಷ್ ಪಾಲಿಸಿ 3.0ಕ್ಕೆ ಹೋದಾಗ ಇಲ್ಲಿ 2.0 ಎಂದೇ ಉಳಿದಿದ್ದರೆ ಹಾಳೆ ಹಳತಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಹಾಳೆಯ ಮೂಲೆಯಲ್ಲಿ ಸಂಖ್ಯೆ ಮತ್ತು ವರ್ಷನ್ ಮುದ್ರಿಸಿ. ಹೊಸದನ್ನು ಕೊಡುವಾಗ ಹಳೆಯದನ್ನು ವಾಪಸ್ ಪಡೆದು, ವಾರ್ಡ್ ಇನ್‌ಚಾರ್ಜ್ ಸಹಿ ಹಾಕಿಸಿಕೊಂಡು, ಒಂದು ಪ್ರತಿಗೆ ರದ್ದು ಮುದ್ರೆ ಒತ್ತಿ ಇಟ್ಟುಕೊಂಡು ಉಳಿದವನ್ನು ಹರಿದುಹಾಕಿ.