ಇನ್‌ಬಾಕ್ಸಿನ ಚಾರ್ಜ್ ಒಪ್ಪಿಸುವಾಗ: ಕಾಣದ ಪತ್ರಗಳು, ಮುಗಿಯದ ಪತ್ರಗಳು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಕಚೇರಿಯಲ್ಲಿ ಬೆಳೆಗಾರರ ಪತ್ರವ್ಯವಹಾರ ನನ್ನ ಕೆಲಸ. ಈ ತಿಂಗಳ ಕೊನೆಗೆ ಇದನ್ನು ಬಿಟ್ಟು ಹಾಸನಕ್ಕೆ ಹೋಗುತ್ತಿದ್ದೇನೆ. ಹೊಸಬರು ಬರುವವರೆಗೆ ಗೋದಾಮಿನ ಲೆಕ್ಕ ನೋಡುವ ಸಹೋದ್ಯೋಗಿಯೇ ಇನ್‌ಬಾಕ್ಸನ್ನೂ ನೋಡಿಕೊಳ್ಳಬೇಕು. ಅವರಿಗಾಗಿ ಟಿಪ್ಪಣಿ ಬರೆಯುತ್ತ ಕಲಿತದ್ದನ್ನು ಕಚೇರಿ ಕೆಲಸ ಕಲಿಯುತ್ತಿರುವ ನಿಮಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮದು ಜಿಮೇಲ್ ಖಾತೆ. ಔಟ್‌ಲುಕ್ ಬಳಸುವವರಿಗೆ ಬೇರೆಯಾಗುವ ಒಂದೆರಡು ಸಂಗತಿಗಳನ್ನು ನಡುವೆ ಹೇಳುತ್ತೇನೆ.

ಟಿಪ್ಪಣಿಯಲ್ಲಿ ಮೂರು ಭಾಗಗಳಿರಬೇಕು ಎಂದು ಎಲ್ಲರೂ ಹೇಳುತ್ತಾರೆ: ನಿಯಮಗಳು, ಮುಗಿಯದ ಪತ್ರಗಳು, ಸಂಪರ್ಕಿಸಬೇಕಾದವರು. ಮೂರನೆಯದು ಸುಲಭ. ಎರಡನೆಯದಕ್ಕೆ ಒಂದು ಒಳ್ಳೆಯ ಉಪಾಯವಿದೆ. ನನ್ನ ಸಮಯವನ್ನೆಲ್ಲ ತಿಂದದ್ದು ಮೊದಲನೆಯದು.

ನಿಯಮಗಳು

ನಿಯಮ ಎಂದರೆ ಇಲ್ಲಿ ಫಿಲ್ಟರ್. ಬಂದ ಪತ್ರವನ್ನು ನಾವು ನೋಡುವ ಮೊದಲೇ ಖಾತೆ ತಾನಾಗಿ ಎತ್ತಿ ಎಲ್ಲೋ ಇಡುವ ವ್ಯವಸ್ಥೆ. `Settings` ತೆರೆದು, `See all settings` ಒಳಗೆ `Filters and Blocked Addresses` ಒತ್ತಿದರೆ ಪಟ್ಟಿ ಸಿಗುತ್ತದೆ. ಆ ಪಟ್ಟಿಯನ್ನು ಹಾಗೆಯೇ ನಕಲು ಮಾಡಿ ಟಿಪ್ಪಣಿಗೆ ಅಂಟಿಸಿದರೆ ಸಾಕೆಂದು ತೋರುತ್ತದೆ. ಸಾಲದು. ನಮ್ಮಲ್ಲಿದ್ದ ಫಿಲ್ಟರುಗಳಲ್ಲಿ ಒಂದನ್ನು ಬಿಡಿಸಿ ನೋಡಿದರೂ ಕಾರಣ ತಿಳಿಯುತ್ತದೆ.

ಕಾಫಿಯ ಸಿಪ್ಪೆ ತೆಗೆಯುವ ಹಲ್ಲಿಂಗ್ ವಿಭಾಗದಿಂದ ದಿನವೂ ಔಟ್‌ಟರ್ನ್ ವರದಿ ಬರುತ್ತದೆ. ಮಲೆನಾಡಿನವರಿಗೆ ಔಟ್‌ಟರ್ನ್ ಅಥವಾ ಓಟಿ ಎಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ: 50 ಕೆ.ಜಿ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಚೀಲವನ್ನು ಸಂಸ್ಕರಿಸಿದಾಗ ಎಷ್ಟು ಕೆ.ಜಿ. ಶುದ್ಧ ಕಾಫಿಬೀಜ ಸಿಕ್ಕಿತೋ ಅದೇ ಓಟಿ. ಸುಗ್ಗಿಯ ಕಾಲದಲ್ಲಿ ಈ ವರದಿಗಳೇ ಇನ್‌ಬಾಕ್ಸ್ ತುಂಬಿಬಿಡುತ್ತವೆ. ಅವನ್ನು ಪಕ್ಕಕ್ಕಿಡಲು ಬಹಳ ಹಿಂದೆಯೇ ಯಾರೋ ಹೀಗೊಂದು ಫಿಲ್ಟರ್ ಮಾಡಿಟ್ಟಿದ್ದರು:

```
subject:outturn
```

ಇದಕ್ಕೆ ಸಿಕ್ಕ ಪತ್ರಕ್ಕೆ ಮೂರು ಕ್ರಮ: `Skip the Inbox`, `Mark as read`, ಮತ್ತು `Outturn` ಎಂಬ ಲೇಬಲ್. ಉದ್ದೇಶ ಸರಿಯಾಗಿಯೇ ಇದೆ. ಆದರೆ ಬೆಳೆಗಾರರಿಗೆ ನಾವು ಕಳುಹಿಸುವ ಲೆಕ್ಕದ ಪತ್ರದ ವಿಷಯದ ಸಾಲಿನಲ್ಲಿಯೂ `Outturn` ಎಂಬ ಪದ ಇರುತ್ತದೆ. ಅವರು ಅದಕ್ಕೆ ಉತ್ತರ ಬರೆದಾಗ ವಿಷಯದ ಸಾಲು `Re: Outturn statement` ಎಂದಾಗುತ್ತದೆ. ಫಿಲ್ಟರಿಗೆ ಬೇಕಾದ ಪದ ಅಲ್ಲಿದೆ. ಹಾಗಾಗಿ ಅದು ಆ ಉತ್ತರವನ್ನೂ ಎತ್ತಿಕೊಂಡು ಹೋಗುತ್ತದೆ.

ಇಲ್ಲಿ ನಿಧಾನವಾಗಿ ಓದಿ, ನನಗೆ ತಲೆಗೆ ಹತ್ತಲು ತಡವಾದದ್ದು ಇದೇ. ಸಾಮಾನ್ಯವಾಗಿ ಜಿಮೇಲ್‌ನಲ್ಲಿ ಪಕ್ಕಕ್ಕಿಟ್ಟ ಸಂಭಾಷಣೆಗೆ ಹೊಸ ಉತ್ತರ ಬಂದರೆ ಇಡೀ ಸಂಭಾಷಣೆ ಮತ್ತೆ ಇನ್‌ಬಾಕ್ಸಿಗೆ ಮರಳುತ್ತದೆ. ನಾವೆಲ್ಲ ಇದನ್ನೇ ನಂಬಿ ಪತ್ರಗಳನ್ನು ಆರ್ಕೈವ್ ಮಾಡುತ್ತೇವೆ. ಆದರೆ ಫಿಲ್ಟರ್ ಪ್ರತಿಯೊಂದು ಹೊಸ ಪತ್ರವನ್ನೂ ಬೇರೆಯಾಗಿ ಪರೀಕ್ಷಿಸುತ್ತದೆ. ಉತ್ತರವೂ ಅದರ ಷರತ್ತಿಗೆ ಹೊಂದಿದರೆ ಇನ್‌ಬಾಕ್ಸಿಗೆ ಬರುವುದೇ ಇಲ್ಲ, ಹೊಂದದಿದ್ದರೆ ಬರುತ್ತದೆ. ಆದ್ದರಿಂದ ಒಂದೇ ಬೆಳೆಗಾರರ ಒಂದು ಉತ್ತರ ಕಣ್ಣಿಗೆ ಬೀಳಬಹುದು, ವಿಷಯದ ಸಾಲು ಬದಲಾದ ಕಾರಣಕ್ಕೆ; ಇನ್ನೊಂದು ಬೀಳದಿರಬಹುದು. ಇದರ ಮೇಲೆ `Mark as read` ಬೇರೆ. ಓದದ ಪತ್ರವಿದ್ದರೆ ಲೇಬಲ್‌ನ ಹೆಸರು ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಬರುವಾಗಲೇ ಓದಿದ ಗುರುತು ಬಿದ್ದ ಪತ್ರಕ್ಕೆ ಆ ಸೂಚನೆಯೂ ಇಲ್ಲ, `is:unread` ಎಂದು ಹುಡುಕಿದರೂ ಅದು ಸಿಗುವುದಿಲ್ಲ.

ನಮ್ಮ ಸಹೋದ್ಯೋಗಿ ಮೊದಲ ದಿನ ಪಕ್ಕದಲ್ಲಿ ಕುಳಿತು ನೋಡಿದವರು, “ಇನ್‌ಬಾಕ್ಸಿನಲ್ಲಿ ಹೆಚ್ಚೇನೂ ಇಲ್ಲವಲ್ಲ ಮೇಡಂ, ಸುಧಾರಿಸಬಹುದು” ಎಂದರು. ಅದೇ ಹೊತ್ತಿಗೆ ಲೇಬಲ್‌ನ ಒಳಗೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ತಕರಾರು ಕುಳಿತಿತ್ತು. ಅದನ್ನು ಹೊರಗೆ ತಂದದ್ದು ಈ ಹುಡುಕಾಟ:

```
label:outturn -from:hulling@example.com -from:me newer_than:60d
```

ಅರ್ಥ ಇಷ್ಟೇ: ಆ ಲೇಬಲ್‌ನಲ್ಲಿರುವ, ಹಲ್ಲಿಂಗ್ ವಿಭಾಗವೂ ಕಳುಹಿಸದ, ನಾವೂ ಕಳುಹಿಸದ, ಕಳೆದ 60 ದಿನಗಳ ಪತ್ರ. ಹಾಗೆ ಉಳಿಯುವುದು ಹೊರಗಿನವರ ಮಾತು ಮಾತ್ರ. (ವಿಳಾಸದ ಜಾಗದಲ್ಲಿ ನಿಮ್ಮ ಕಚೇರಿಯದನ್ನು ಹಾಕಿಕೊಳ್ಳಿ.)

ಫಿಲ್ಟರನ್ನು ಸರಿಪಡಿಸುವುದು ಒಂದು ನಿಮಿಷದ ಕೆಲಸ. ಕಳುಹಿಸಿದವರು ಯಾರೆಂಬುದನ್ನು ಷರತ್ತಿಗೆ ಸೇರಿಸಬೇಕು:

```
from:hulling@example.com subject:outturn
```

ಆದರೆ ಈ ತಿದ್ದುಪಡಿ ಮುಂದೆ ಬರುವ ಪತ್ರಗಳಿಗಷ್ಟೇ. ಹಳೆಯ ಫಿಲ್ಟರ್ ಈಗಾಗಲೇ ಒಳಗಿಟ್ಟದ್ದು ತಾನಾಗಿ ಹೊರಗೆ ಬರುವುದಿಲ್ಲ. ಅದಕ್ಕೇ ಮೇಲಿನ ಹುಡುಕಾಟವನ್ನು ಒಮ್ಮೆ ಮಾಡಿ, ಸಿಕ್ಕಿದವನ್ನು ಕೈಯಾರೆ ಇನ್‌ಬಾಕ್ಸಿಗೆ ತರಬೇಕು.

ಹೀಗಾಗಿ ಪ್ರತಿ ಫಿಲ್ಟರಿಗೂ ನಾನು ಟಿಪ್ಪಣಿಯಲ್ಲಿ ಮೂರು ವಾಕ್ಯ ಬರೆಯುತ್ತೇನೆ. ಯಾವ ಪತ್ರಕ್ಕಾಗಿ ಇದನ್ನು ಮಾಡಿದ್ದು, ಅದರ ಜೊತೆಗೆ ಇನ್ನೇನು ಸಿಕ್ಕಿಬೀಳಬಹುದು, ಅದನ್ನು ಎಲ್ಲಿ ಮತ್ತು ಎಷ್ಟು ದಿನಕ್ಕೊಮ್ಮೆ ನೋಡಬೇಕು. ನಡುವಿನ ವಾಕ್ಯವನ್ನು ಬರೆಯಲು ಕುಳಿತಾಗಲೇ ಫಿಲ್ಟರಿನ ದೋಷ ತಾನಾಗಿ ಕಾಣುತ್ತದೆ. `Skip the Inbox` ಇರುವ ಫಿಲ್ಟರುಗಳನ್ನು ಪಟ್ಟಿಯ ಮೇಲ್ಭಾಗದಲ್ಲಿಡಿ. ಬರೀ ಲೇಬಲ್ ಅಂಟಿಸುವವು ಕೆಳಗಿರಲಿ. ಅವುಗಳಿಂದ ಯಾವ ಪತ್ರವೂ ಮರೆಯಾಗುವುದಿಲ್ಲ.

ಔಟ್‌ಲುಕ್‌ನಲ್ಲಿ ಎರಡು ವ್ಯತ್ಯಾಸ. ಜಿಮೇಲ್‌ನಲ್ಲಿ ಹೊಂದುವ ಫಿಲ್ಟರುಗಳೆಲ್ಲ ಒಂದೇ ಪತ್ರಕ್ಕೆ ಅನ್ವಯಿಸುತ್ತವೆ. ಔಟ್‌ಲುಕ್‌ನಲ್ಲಿ ನಿಯಮಗಳು ಮೇಲಿನಿಂದ ಕೆಳಕ್ಕೆ ಸರದಿಯಲ್ಲಿ ನಡೆಯುತ್ತವೆ, `Stop processing more rules` ಎಂದಿದ್ದಲ್ಲಿ ನಿಲ್ಲುತ್ತವೆ. ಹಾಗಾಗಿ ಅಲ್ಲಿ ಸರದಿಯನ್ನೂ ಬರೆಯಬೇಕು. ಇನ್ನೊಂದು, ಹಳೆಯ ಔಟ್‌ಲುಕ್‌ನಲ್ಲಿ ಕೆಲವು ನಿಯಮಗಳ ಮುಂದೆ `client-only` ಎಂದಿರುತ್ತದೆ. ಅವು ಆ ಕಂಪ್ಯೂಟರಿನಲ್ಲಿ ಔಟ್‌ಲುಕ್ ತೆರೆದಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಕೆಲಸ ಬಿಟ್ಟವರ ಕಂಪ್ಯೂಟರ್ ಆರಿಸಿದ ದಿನ ಆ ನಿಯಮಗಳೂ ನಿಲ್ಲುತ್ತವೆ.

ಮುಗಿಯದ ಪತ್ರಗಳು

ಮೂಡಿಗೆರೆಯ ತಕರಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವರು ತಂದದ್ದು ರೊಬಸ್ಟಾ ಚೆರ್ರಿ, 50 ಕೆ.ಜಿ.ಯ 120 ಚೀಲ. ಮಾದರಿ ನೋಡಿದಾಗ ಓಟಿ 27 ಬಂದಿತ್ತು. ಆ ಲೆಕ್ಕದಲ್ಲಿ 3,240 ಕೆ.ಜಿ. ಸಿಗಬೇಕು. ಸಂಸ್ಕರಣೆ ಮುಗಿದ ಮೇಲೆ ನಾವು ಕಳುಹಿಸಿದ ಲೆಕ್ಕದಲ್ಲಿ ಓಟಿ 25.5, ಅಂದರೆ 3,060 ಕೆ.ಜಿ. ನಡುವೆ 180 ಕೆ.ಜಿ. ವ್ಯತ್ಯಾಸ. ಚೀಲಗಳು ಬಂದ ದಿನದ ತೇವಾಂಶ ಎಷ್ಟಿತ್ತೆಂದು ಅವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಒಣಗಿದ್ದು ಕಡಿಮೆಯಾದರೆ ತೂಕದಲ್ಲಿ ನೀರೂ ಸೇರಿರುತ್ತದೆ, ಓಟಿ ಇಳಿಯುತ್ತದೆ.

ಇಂಥ ಪತ್ರದ ಬಗ್ಗೆ “ಮೂಡಿಗೆರೆಯವರ ಔಟ್‌ಟರ್ನ್ ತಕರಾರು, ಬಾಕಿ ಇದೆ” ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನನಗೆ ಬಹಳ ಇಷ್ಟವಾದ ಉಪಾಯವೆಂದರೆ ಪ್ರತಿ ನಮೂದನ್ನೂ “ಸರದಿ” ಎಂಬ ಪದದಿಂದ ಶುರು ಮಾಡುವುದು. ಈಗ ಕೆಲಸ ಯಾರ ಕೈಯಲ್ಲಿದೆ? ನಮ್ಮ ಕೈಯಲ್ಲಿ, ಅವರ ಕೈಯಲ್ಲಿ, ಇಲ್ಲವೇ ಒಳಗೆ. ಈ ಮೂರನೆಯದನ್ನು ಬಿಡಬೇಡಿ. ಬೆಳೆಗಾರರ ಕಡೆಯಿಂದ ನೋಡಿದರೆ ಉತ್ತರ ಕೊಡಬೇಕಾದವರು ನಾವು. ಇನ್‌ಬಾಕ್ಸ್ ನೋಡುವವರ ಕಡೆಯಿಂದ ನೋಡಿದರೆ ಕಾಯುತ್ತಿರುವುದು ಗುಣಮಟ್ಟ ವಿಭಾಗದ ಅಂಕಿಗಾಗಿ. “ನಮ್ಮ ಕೈಯಲ್ಲಿ” ಎಂದು ಬರೆದರೆ ಸಹೋದ್ಯೋಗಿ ತಾವೇ ಏನಾದರೂ ಉತ್ತರ ಬರೆದುಬಿಡಬಹುದು. “ಅವರ ಕೈಯಲ್ಲಿ” ಎಂದರೆ ಸುಮ್ಮನೆ ಕಾಯುತ್ತ ಕೂರಬಹುದು. “ಒಳಗೆ” ಎಂದಿದ್ದರೆ ಎದ್ದು ಹೋಗಿ ಗುಣಮಟ್ಟ ವಿಭಾಗವನ್ನು ಕೇಳುತ್ತಾರೆ. ನನ್ನ ಟಿಪ್ಪಣಿಯ ನಮೂದು ಹೀಗಿದೆ:

“ಸರದಿ: ಒಳಗೆ, ಗುಣಮಟ್ಟ ವಿಭಾಗ. ಹುಡುಕಲು: Outturn statement, 120 ಚೀಲ. ಕೊನೆಯ ಪತ್ರ ಬೆಳೆಗಾರರದು. ಬಂದ ದಿನದ ತೇವಾಂಶ ಕೇಳಿದ್ದಾರೆ. ಅಂಕಿ ತೆಗೆದುಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದೇನೆ, ಇದು ಪತ್ರದಲ್ಲಿಲ್ಲ. ಗುರುವಾರದೊಳಗೆ ಅಂಕಿ ಬರದಿದ್ದರೆ ‘ಪರಿಶೀಲನೆಯಲ್ಲಿದೆ, ಸೋಮವಾರ ತಿಳಿಸುತ್ತೇವೆ’ ಎಂದು ನೀವೇ ಬರೆಯಿರಿ. ಓಟಿ ಬದಲಾಗುತ್ತದೆ ಎಂದಾಗಲೀ ಬದಲಾಗುವುದಿಲ್ಲ ಎಂದಾಗಲೀ ಬರೆಯಬೇಡಿ. ಅದನ್ನು ಮ್ಯಾನೇಜರ್ ಮಾತ್ರ ಹೇಳುತ್ತಾರೆ.”

ಇದರಲ್ಲಿ ಫೋನಿನ ಸಾಲು ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ಬೆಳೆಗಾರರು ಒಂದು ಪತ್ರ ಬರೆದು ಎರಡು ಸಲ ಫೋನ್ ಮಾಡುತ್ತಾರೆ. ಕೊಟ್ಟ ಮಾತು ಪತ್ರದಲ್ಲಿ ಕಾಣದಿದ್ದರೆ, ಓದಿದವರು ಅಂಥ ಮಾತೇ ಕೊಟ್ಟಿಲ್ಲವೆಂದು ಉತ್ತರಿಸಿಬಿಡುವ ಅಪಾಯವಿದೆ. ಪಟ್ಟಿ ಮಾಡುವಾಗ ಇನ್‌ಬಾಕ್ಸನ್ನಷ್ಟೇ ನೋಡಬೇಡಿ. `in:snoozed`, `in:scheduled`, `in:drafts` ಎಂದು ಮೂರು ಸಲ ಹುಡುಕಿ. ಮುಂದಿನ ವಾರ ಹೊರಡಲೆಂದು ಇಟ್ಟ ಪತ್ರ ನಾವು ಹೋದ ಮೇಲೂ ಹೊರಡುತ್ತದೆ, ನಮ್ಮ ಹೆಸರನ್ನೇ ಹೊತ್ತುಕೊಂಡು.

ಸಂಪರ್ಕಿಸಬೇಕಾದವರು

ಹೆಸರು, ಸಂಖ್ಯೆ ಎಲ್ಲರೂ ಬರೆಯುತ್ತಾರೆ. ಅದರ ಪಕ್ಕದಲ್ಲಿ ಆ ವ್ಯಕ್ತಿ ಯಾವುದನ್ನು ನಿರ್ಧರಿಸಬಲ್ಲರು ಎಂಬುದನ್ನು ಬರೆಯಿರಿ. ತೇವಾಂಶದ ಅಂಕಿ ಕೊಡುವವರು ಒಬ್ಬರು, ಲೆಕ್ಕ ತಿದ್ದಲು ಒಪ್ಪುವವರು ಇನ್ನೊಬ್ಬರು, ಚೀಲ ಹೊರಗೆ ಬಿಡಲು ಸಹಿ ಹಾಕುವವರು ಮತ್ತೊಬ್ಬರು. ತೋಟದಲ್ಲಿರುವವರಿಗೆ ಹಗಲು ಸಿಗ್ನಲ್ ಸಿಗದಿದ್ದರೆ ಸಂಜೆಯ ಹೊತ್ತನ್ನು ನಮೂದಿಸಿ. ಕೆಲವು ಮನೆಗಳಲ್ಲಿ ತೋಟ ತಂದೆಯ ಹೆಸರಿನಲ್ಲಿದ್ದು, ಪತ್ರ ಬರೆಯುವುದು ಮಗಳು ಅಥವಾ ಮಗ. ಎರಡು ವಿಳಾಸಗಳೂ ಒಂದೇ ತೋಟದವು ಎಂದು ಗುರುತಿಸಿಡಿ. ಲೆಕ್ಕದ ವಿವರವನ್ನು ಯಾರಿಗೆ ಕೊಡಬಹುದು ಎಂಬುದನ್ನೂ ಸೇರಿಸಿ.

ಪಾಸ್‌ವರ್ಡ್ ಟಿಪ್ಪಣಿಯಲ್ಲಿ ಬರೆಯಬಾರದು. ಜಿಮೇಲ್‌ನ `Grant access to your account` ಮೂಲಕ ಸಹೋದ್ಯೋಗಿಗೆ ಅವರದೇ ಖಾತೆಯಿಂದ ಪತ್ರ ನೋಡುವ, ಕಳುಹಿಸುವ ಅವಕಾಶ ಕೊಡಬಹುದು. ಆಹ್ವಾನ ಹೋದ ಒಂದು ವಾರದೊಳಗೆ ಅವರು ಒಪ್ಪಿಕೊಳ್ಳಬೇಕು, ಒಪ್ಪಿದ ಮೇಲೂ ಜಾರಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಆದ್ದರಿಂದ ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ, ನೀವು ಇನ್ನೂ ಕುರ್ಚಿಯಲ್ಲಿರುವಾಗಲೇ ಮಾಡಿ, ಅವರ ಕೈಯಿಂದ ಒಂದು ಪತ್ರ ಕಳುಹಿಸಿ ನೋಡಿ.