ಅಳತೆ ಬದಲಿಸುವ ಅವಕಾಶ ಒಂದೇ ಸಲ

ಗಣಿತ ಒಲಿಂಪಿಯಾಡ್‌ಗೆ ತಯಾರಾಗುವ ಮಕ್ಕಳು ಅಸಮತೆಯ ಪ್ರಶ್ನೆಗಳಿಗೆ ಬರೆಯುವ ಉತ್ತರಗಳಲ್ಲಿ ಪದೇ ಪದೇ ಕಾಣುವ ಒಂದು ಸಾಲಿದೆ: "abc = 1 ಎಂದು ಕೊಟ್ಟಿದೆ. ಸಾಮಾನ್ಯತೆಗೆ ಕುಂದಿಲ್ಲದಂತೆ a + b + c = 3 ಎಂದಿಟ್ಟುಕೊಳ್ಳೋಣ." ಇದರ ಕೆಳಗೆ ಎರಡು ಪುಟ ಅಚ್ಚುಕಟ್ಟಾದ ಲೆಕ್ಕ ಇರುತ್ತದೆ. ಕೈಬರಹ ಚೆಂದ, ಬೀಜಗಣಿತದಲ್ಲಿ ತಪ್ಪಿಲ್ಲ. ಆದರೂ ಆ ಎರಡು ಪುಟದಿಂದ ಸಾಬೀತಾಗಿರುವುದು a = b = c = 1 ಎಂಬ ಒಂದೇ ಒಂದು ಸಂದರ್ಭ.

ಹೇಗೆ ಎಂದು ನೋಡಿ. ಧನ ಸಂಖ್ಯೆಗಳ ಗುಣಲಬ್ಧ 1 ಆಗಿದ್ದರೆ, ಸಮಾಂತರ ಸರಾಸರಿ ಗುಣೋತ್ತರ ಸರಾಸರಿಗಿಂತ ಕಡಿಮೆಯಾಗದು ಎಂಬ ಎಎಂ-ಜಿಎಂ ಪ್ರಕಾರ ಮೊತ್ತ 3ಕ್ಕಿಂತ ಕಡಿಮೆ ಆಗುವಂತಿಲ್ಲ. ಮೊತ್ತ ಸರಿಯಾಗಿ 3 ಆಗುವುದು ಮೂರೂ ಸಮ ಇದ್ದಾಗ ಮಾತ್ರ. ಎರಡು ನಿಬಂಧನೆಯನ್ನೂ ಒಟ್ಟಿಗೆ ಹೇರಿದ ಕ್ಷಣವೇ ಉಳಿದೆಲ್ಲ ಸಂಖ್ಯೆಗಳು ಹೊರಗೆ ಹೋದವು. ನಾರ್ಮಲೈಸ್ ಮಾಡುವುದೆಂದರೆ ಚರಗಳಿಗೆ ನಮಗೆ ಅನುಕೂಲವಾದ ಮೊತ್ತವನ್ನೋ ಗುಣಲಬ್ಧವನ್ನೋ ನಿಗದಿ ಮಾಡುವುದು, ಸರಿ. ಆದರೆ ಆ ಅನುಕೂಲ ಎಲ್ಲಿಂದ ಬಂತು ಎಂಬುದನ್ನು ಮರೆತರೆ ಹೀಗಾಗುತ್ತದೆ.

ಅದು ಬರುವುದು ಒಂದೇ ಕಡೆಯಿಂದ. ಅಸಮತೆ ಹೋಮೋಜೀನಿಯಸ್, ಅಂದರೆ ಸಮಘಾತೀಯ ಆಗಿದ್ದರೆ, ಎಲ್ಲ ಚರಗಳನ್ನೂ ಒಂದೇ ಧನ ಸಂಖ್ಯೆ k ಯಿಂದ ಗುಣಿಸಿದಾಗ ಎರಡೂ ಬದಿ k ಯ ಒಂದೇ ಘಾತದಿಂದ ಹಿಗ್ಗುತ್ತವೆ. ಹಾಗಾಗಿ (a, b, c) ಗೆ ಅಸಮತೆ ನಿಜವಾದರೆ (ka, kb, kc) ಗೂ ನಿಜ, ತಿರುಗಿಸಿದರೂ ನಿಜ. ಮುಖ್ಯವಾದದ್ದು a : b : c ಎಂಬ ಅನುಪಾತ ಮಾತ್ರ. k ಯನ್ನು ನಮಗೆ ಬೇಕಾದಂತೆ ಆರಿಸಬಹುದು, ಒಂದು ಸಲ. ಪ್ರಶ್ನೆಯಲ್ಲೇ abc = 1 ಎಂದಿದ್ದರೆ ಆ ಆಯ್ಕೆಯನ್ನು ಪ್ರಶ್ನೆ ಬರೆದವರು ಆಗಲೇ ಮಾಡಿ ಮುಗಿಸಿದ್ದಾರೆ. ನಮಗೆ ಬೇರೆ ಆಯ್ಕೆ ಬೇಕೆಂದರೆ ಮೊದಲು ಅವರದನ್ನು ವಾಪಸ್ ಮಾಡಬೇಕು. ವಾಪಸ್ ಮಾಡುವ ಈ ಹೆಜ್ಜೆಯನ್ನೇ ಮಕ್ಕಳು ಹಾರಿಬಿಡುತ್ತಾರೆ.

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್, ಅಂದರೆ ಐಎಂಒದ 1995ರ ಎರಡನೇ ಪ್ರಶ್ನೆಯನ್ನು ತೆಗೆದುಕೊಳ್ಳೋಣ. a, b, c ಧನ ಸಂಖ್ಯೆಗಳು, abc = 1. ತೋರಿಸಬೇಕಾದದ್ದು:

```
1/(a³(b+c)) + 1/(b³(c+a)) + 1/(c³(a+b)) ≥ 3/2
```

x = 1/a, y = 1/b, z = 1/c ಎಂದಿಡಿ. ಆಗಲೂ xyz = 1. ಮೊದಲ ಪದ x³·yz/(y+z) ಆಗುತ್ತದೆ, xyz = 1 ಆದ್ದರಿಂದ ಅದು x²/(y+z). ಉಳಿದೆರಡೂ ಹಾಗೆಯೇ. ಈಗ ಎಡಬದಿಯ ಘಾತ 1, ಬಲಬದಿಯ 3/2 ರ ಘಾತ 0. ಎರಡೂ ಹೊಂದುತ್ತಿಲ್ಲ, ಅಂದರೆ ಇದು ಇನ್ನೂ ಹೋಮೋಜೀನಿಯಸ್ ಅಲ್ಲ. ಈ ಹಂತದಲ್ಲಿ ಮೊತ್ತ 3 ಎಂದು ಬರೆಯುವ ಹಕ್ಕು ನಮಗಿಲ್ಲ.

ಹಕ್ಕು ಪಡೆಯುವುದು ಹೀಗೆ. xyz = 1 ಆದ್ದರಿಂದ ಅದರ ಘನಮೂಲವೂ 1. ಅದನ್ನು ಬಲಬದಿಗೆ ಗುಣಿಸಿದರೆ ಬೆಲೆ ಬದಲಾಗುವುದಿಲ್ಲ, ಘಾತ ಮಾತ್ರ 1 ಆಗುತ್ತದೆ:

```
x²/(y+z) + y²/(z+x) + z²/(x+y) ≥ (3/2)·∛(xyz)
```

ಈಗ xyz = 1 ಎಂಬ ನಿಬಂಧನೆಯನ್ನು ಅಳಿಸಿಬಿಡಬಹುದು. ಅದರ ಕೆಲಸವೆಲ್ಲ ಬಲಬದಿಯ ಘನಮೂಲದೊಳಗೆ ಸೇರಿಕೊಂಡಿದೆ. ಎಲ್ಲ ಧನ x, y, z ಗಳಿಗೂ ಇದನ್ನು ತೋರಿಸಿದರೆ ಮೂಲ ಪ್ರಶ್ನೆ ಅದರೊಳಗೇ ಬರುತ್ತದೆ. ಎರಡೂ ಬದಿಯ ಘಾತ ಒಂದೇ ಆದ್ದರಿಂದ ಇನ್ನು x + y + z = 3 ಎಂದಿಡುವುದು ನ್ಯಾಯವಾದದ್ದು.

ಇಲ್ಲಿ ಏನಾಯಿತೆಂಬುದು ಅಂಕಿ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. x = 4, y = z = 1/2 ತೆಗೆದುಕೊಳ್ಳಿ. ಗುಣಲಬ್ಧ 1, ಮೊತ್ತ 5. ಎಡಬದಿ 16 + 1/18 + 1/18, ಅಂದರೆ 145/9. ಬಲಬದಿ 3/2. ಮೊತ್ತವನ್ನು 3 ಮಾಡಲು ಎಲ್ಲವನ್ನೂ 3/5 ರಿಂದ ಗುಣಿಸಿ: 12/5, 3/10, 3/10. ಈಗ ಗುಣಲಬ್ಧ 1 ಅಲ್ಲ, 27/125. ಎಡಬದಿ 29/3 ಕ್ಕೆ ಇಳಿಯಿತು, ಬಲಬದಿ 9/10 ಕ್ಕೆ ಇಳಿಯಿತು. ಎರಡೂ ಸರಿಯಾಗಿ 3/5 ಪಟ್ಟು. ಎರಡು ಬದಿ ಒಟ್ಟಿಗೆ ಇಳಿದದ್ದರಿಂದಲೇ ಅಸಮತೆಯ ಸತ್ಯಾಸತ್ಯ ಬದಲಾಗಲಿಲ್ಲ. ಘನಮೂಲ ಬರೆಯದೆ ಬಲಬದಿಯನ್ನು ಬರೀ 3/2 ಎಂದು ಬಿಟ್ಟಿದ್ದರೆ ಅದು ಇಳಿಯುತ್ತಿರಲಿಲ್ಲ, ಹೋಲಿಕೆಯೇ ಬೇರೆಯಾಗುತ್ತಿತ್ತು.

ಮುಂದಿನದು ಸಲೀಸು. ಮೊತ್ತ 3 ಆದ್ದರಿಂದ y + z = 3 − x. ಪ್ರತಿ ಪದದಲ್ಲೂ ಒಂದೇ ಚರ ಉಳಿಯಿತು: x²/(3−x). ಮೊತ್ತವನ್ನೇ ಆರಿಸಿದ್ದಕ್ಕೆ ಕಾರಣ ಇದು. ಛೇದದಲ್ಲಿ y + z ಇದ್ದಾಗ ಮೊತ್ತ ನಿಗದಿಯಾದರೆ ಚರಗಳು ಬೇರೆ ಬೇರೆಯಾಗುತ್ತವೆ, ಗುಣಲಬ್ಧ ನಿಗದಿಯಾದರೆ ಆಗುವುದಿಲ್ಲ. x = 1 ರಲ್ಲಿ ಈ ವಕ್ರರೇಖೆಗೆ ಸ್ಪರ್ಶಕ ಎಳೆದರೆ (5x−3)/4 ಸಿಗುತ್ತದೆ.

```
x²/(3−x) − (5x−3)/4 = 9(x−1)² / (4(3−x)) ≥ 0
```

0 < x < 3 ಆದ್ದರಿಂದ ಛೇದ ಧನ, ಇದನ್ನು ಉತ್ತರದಲ್ಲಿ ಬರೆಯಲೇಬೇಕು. ಮೂರನ್ನೂ ಕೂಡಿಸಿದರೆ ಎಡಬದಿ (15−9)/4 = 3/2 ಕ್ಕಿಂತ ಕಡಿಮೆ ಇಲ್ಲ. ಮೊತ್ತ 3 ಇದ್ದಾಗ ∛(xyz) ≤ 1, ಹಾಗಾಗಿ 3/2 ≥ (3/2)∛(xyz). ಮುಗಿಯಿತು. "3/(x+y+z) ರಿಂದ ಎಲ್ಲ ಚರಗಳನ್ನೂ ಗುಣಿಸಿದರೆ ಮೊತ್ತ 3, ಎರಡೂ ಬದಿ ಅದೇ ಪಟ್ಟು ಬದಲಾಗುತ್ತವೆ" ಎಂಬ ಒಂದು ವಾಕ್ಯ ಸೇರಿಸಿದರೆ ಪರೀಕ್ಷಕರು ಪ್ರಶ್ನೆ ಎತ್ತಲು ಜಾಗವಿರುವುದಿಲ್ಲ.

ಎಲ್ಲ ನಿಬಂಧನೆಗಳೂ ಹೀಗೆ ವಾಪಸ್ ಆಗುವುದಿಲ್ಲ ಎಂಬ ಎಚ್ಚರವೂ ಬೇಕು. ab + bc + ca = 1 ಆದರೆ ಸರಿ, ಎಡಬದಿಯ ಘಾತ 2, ಎಲ್ಲಿ ಕೊರತೆಯಿದೆಯೋ ಅಲ್ಲಿ ಅದರ ತಕ್ಕ ಘಾತವನ್ನು ಗುಣಿಸಿದರಾಯಿತು. ab + bc + ca + abc = 4 ಎಂಬಂಥದ್ದರಲ್ಲಿ ಘಾತ 2 ಮತ್ತು 3 ಬೆರೆತಿವೆ. ಅಲ್ಲಿ ಈ ದಾರಿ ನೇರವಾಗಿ ನಡೆಯುವುದಿಲ್ಲ, ಸಾಮಾನ್ಯವಾಗಿ ಚರಗಳಿಗೆ ಬೇರೆ ಆದೇಶ, ಅಂದರೆ ಸಬ್‌ಸ್ಟಿಟ್ಯೂಷನ್, ಹುಡುಕಬೇಕಾಗುತ್ತದೆ.

ಇನ್ನು ಚರಗಳು ಧನವೇ ಆಗಿರಬೇಕೆಂದಿಲ್ಲದ ಪ್ರಶ್ನೆಗಳು. ಸಂದರ್ಭಗಳ ಸಂಖ್ಯೆ ನಿಜವಾಗಿ ಕಾಡುವುದು ಇಲ್ಲಿ. 2006ರಲ್ಲಿ ಸ್ಲೊವೇನಿಯಾದಲ್ಲಿ ನಡೆದ ಐಎಂಒದ ಮೂರನೇ ಪ್ರಶ್ನೆ: ಎಲ್ಲ ವಾಸ್ತವ a, b, c ಗಳಿಗೂ ಕೆಳಗಿನದು ನಿಜವಾಗುವ ಅತಿ ಚಿಕ್ಕ M ಯಾವುದು?

```
|ab(a²−b²) + bc(b²−c²) + ca(c²−a²)| ≤ M(a²+b²+c²)²
```

ಎಡಬದಿ |(a−b)(b−c)(c−a)(a+b+c)| ಎಂದು ಅಪವರ್ತಿಸುತ್ತದೆ. ಇದನ್ನು ಕಂಡ ಕೂಡಲೇ "a + b + c = 1 ಇರಲಿ" ಎಂದು ಬರೆಯುವವರು ಬಹಳ. ಬರೆಯಬಹುದು, ಆದರೆ ಎರಡು ಮಾತು ಮೊದಲು ಹೇಳಬೇಕು. ಮೊತ್ತ ಸೊನ್ನೆ ಇದ್ದರೆ ಯಾವ k ಯಿಂದ ಗುಣಿಸಿದರೂ ಅದು 1 ಆಗುವುದಿಲ್ಲ. ಆ ಸಂದರ್ಭ ಬೇರೆ. ಅದೃಷ್ಟಕ್ಕೆ ಅಲ್ಲಿ ಎಡಬದಿಯೇ ಸೊನ್ನೆ, ಒಂದು ಸಾಲಿನಲ್ಲಿ ಮುಗಿಯುತ್ತದೆ. ಮೊತ್ತ ಋಣವಾಗಿದ್ದರೆ ಮೂರರ ಚಿಹ್ನೆಯನ್ನೂ ಬದಲಿಸಿ. ಘಾತ 4, ಸಮ ಸಂಖ್ಯೆ, ಹಾಗಾಗಿ ಎರಡೂ ಬದಿ ಇದ್ದ ಹಾಗೇ ಉಳಿಯುತ್ತವೆ. ಘಾತ ಬೆಸವಾಗಿದ್ದು ಮೋಡ್ಯುಲಸ್ ಇಲ್ಲದಿದ್ದರೆ −1 ರಿಂದ ಗುಣಿಸಿದಾಗ ಅಸಮತೆ ತಿರುಗಿಬಿಡುತ್ತದೆ, ಅಲ್ಲಿ ಋಣ ಮೊತ್ತವನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಮೂರನೆಯದು ಕ್ರಮ. ಯಾವ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದರೂ ಈ ಎಡಬದಿಯ ಚಿಹ್ನೆ ಮಾತ್ರ ಬದಲಾಗುತ್ತದೆ, ಮೋಡ್ಯುಲಸ್ ಅದನ್ನು ನುಂಗುತ್ತದೆ. ಆದ್ದರಿಂದ a ≤ b ≤ c ಎನ್ನಬಹುದು, ಆರು ಕ್ರಮಗಳು ಒಂದಾದವು. ಮೋಡ್ಯುಲಸ್ ಇಲ್ಲದೆ ಬರೀ ಸೈಕ್ಲಿಕ್ ಆಗಿದ್ದಿದ್ದರೆ c ಅತಿ ದೊಡ್ಡದು ಎನ್ನುವಷ್ಟಕ್ಕೆ ಮಾತ್ರ ಅವಕಾಶ, a ≤ b ಮತ್ತು b ≤ a ಎರಡನ್ನೂ ನೋಡಬೇಕಿತ್ತು. ಕ್ರಮ ಆರಿಸುವ ಅವಕಾಶಕ್ಕೂ ಅಳತೆ ಬದಲಿಸುವ ಅವಕಾಶಕ್ಕೂ ಸಂಬಂಧವಿಲ್ಲ. ಒಂದನ್ನು ಬಳಸಿದ್ದರಿಂದ ಇನ್ನೊಂದು ಖರ್ಚಾಗುವುದಿಲ್ಲ. ಒಂದಕ್ಕೆ ಬೇಕಾದದ್ದು ಸಿಮೆಟ್ರಿ, ಇನ್ನೊಂದಕ್ಕೆ ಸಮಘಾತ.

ಈಗ ಮೊತ್ತ 1, a ≤ b ≤ c. c − a = t ಎಂದಿಡಿ. (b−a) ಮತ್ತು (c−b) ಗಳ ಮೊತ್ತ t, ಹಾಗಾಗಿ ಗುಣಲಬ್ಧ t²/4 ಮೀರುವುದಿಲ್ಲ, ವರ್ಗಗಳ ಮೊತ್ತ t²/2 ಕ್ಕಿಂತ ಕಡಿಮೆಯಾಗುವುದಿಲ್ಲ. ಎಡಬದಿ ಹೆಚ್ಚೆಂದರೆ t³/4. a² + b² + c² ಅನ್ನು Q ಎಂದು ಕರೆದರೆ,

```
3Q = 1 + (b−a)² + (c−b)² + (c−a)² ≥ 1 + 3t²/2
1 + t²/2 + t²/2 + t²/2 ≥ 4·(t⁶/8)^(1/4)
```

ಎರಡನೆಯದು ಎಎಂ-ಜಿಎಂ. ಎರಡನ್ನೂ ಸೇರಿಸಿ ವರ್ಗ ಮಾಡಿದರೆ 9Q² ≥ 4√2·t³, ಅಂದರೆ t³/4 ≤ (9√2/32)Q². ಮೂರು ವಾಸ್ತವ ಚರಗಳ ಪ್ರಶ್ನೆ t ಎಂಬ ಒಂದೇ ಚರಕ್ಕೆ ಇಳಿದು ಮುಗಿಯಿತು.

M ಈ 9√2/32 ಕ್ಕಿಂತ ಚಿಕ್ಕದಾಗಲಾರದು ಎಂದು ತೋರಿಸಲು ಸಮತೆ ಬರುವ ಒಂದು ಉದಾಹರಣೆ ಬೇಕು, ನಾರ್ಮಲೈಸ್ ಮಾಡಿದ ರೂಪದಲ್ಲೇ ಕೊಟ್ಟರೂ ಸಾಕು. ಎಎಂ-ಜಿಎಂನಲ್ಲಿ ಸಮತೆ ಬರುವುದು t² = 2 ಇದ್ದಾಗ, ಜೊತೆಗೆ b ನಟ್ಟನಡುವೆ ಇರಬೇಕು: a = 1/3 − 1/√2, b = 1/3, c = 1/3 + 1/√2. ಹಾಕಿ ನೋಡಿದರೆ Q = 4/3, ಎರಡೂ ಬದಿ √2/2. ಇಲ್ಲಿ a ಋಣ ಸಂಖ್ಯೆ ಎಂಬುದನ್ನು ಗಮನಿಸಿ. ಚರಗಳು ಧನವೆಂದು ಸುಮ್ಮನೆ ಊಹಿಸಿಕೊಂಡವರಿಗೆ ಈ ಬಿಂದು ಸಿಗುವುದೇ ಇಲ್ಲ. 1995ರ ಪ್ರಶ್ನೆಯಂತೆ ನಿಬಂಧನೆ ಕೊಟ್ಟೇ ಇದ್ದಲ್ಲಿ ಮಾತ್ರ, ಸಮತೆಯ ಬಿಂದುವನ್ನು ತಕ್ಕ k ಯಿಂದ ಗುಣಿಸಿ ಮೂಲ ನಿಬಂಧನೆಗೆ ಹೊಂದಿಸಿ ಬರೆಯಬೇಕು. x = y = z = 1 ಗೆ ಅಲ್ಲಿ ಮೊತ್ತವೂ ಗುಣಲಬ್ಧವೂ ತಾನಾಗಿ ಹೊಂದಿದ್ದವು, ಎಲ್ಲ ಪ್ರಶ್ನೆಗಳಲ್ಲೂ ಹಾಗಾಗುವುದಿಲ್ಲ.